ಪಿಂಚಣಿ ಇದೆಯಲ್ಲ, ಸಂಬಳ ಯಾಕೆ?

ನಿವೃತ್ತ ನೌಕರರ ಬಳಗದ ಹಿರಿಯರಿಗೆಲ್ಲ ನಮಸ್ಕಾರ.

ಎರಡನೆಯ ಉದ್ಯೋಗದ ಎಲ್ಲ ಮಗ್ಗುಲುಗಳ ಬಗ್ಗೆ ಇಂದು ಮಾತನಾಡುವುದಿಲ್ಲ. ಸಂದರ್ಶನದಲ್ಲಿ ವಯಸ್ಸಿನ ಮಾತು ಬರುವ ಆ ಕೆಲವು ನಿಮಿಷಗಳನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಅಲ್ಲಿ ಸೋತವರಲ್ಲಿ ಹೆಚ್ಚಿನವರಿಗೆ ಕೆಲಸ ಬರದೇ ಇರಲಿಲ್ಲ. ಪ್ರಶ್ನೆ ಕೇಳಿದ ಕೂಡಲೇ ನೊಂದುಕೊಂಡು ತಮ್ಮ ವಯಸ್ಸನ್ನು ಸಮರ್ಥಿಸಿಕೊಳ್ಳಲು ಹೊರಟರು, ಅಷ್ಟೇ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಅರವತ್ತೊಂದು ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಕೇಳಿಕೊಂಡು ಹೋಗಿದ್ದಾರೆ. ಎದುರಿಗೆ ಕುಳಿತವರು ಮಂಡಿಯ ಮಾಲೀಕರ ಮಗ; ವಯಸ್ಸು ಮೂವತ್ತರ ಆಸುಪಾಸು. ಮೊದಲ ಪ್ರಶ್ನೆ: "ಈ ವಯಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ಕಷ್ಟವಲ್ಲವೇ ಸರ್?"

ಆ ಹುಡುಗನಿಗೆ ನಿಜವಾಗಿ ಬೇಕಿರುವುದು ಬೇರೆ ಮಾಹಿತಿ. ಟ್ಯಾಲಿಯಲ್ಲಿ ದಿನದ ವ್ಯವಹಾರ ಅಂದೇ ಏರುತ್ತದೆಯೇ? ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿಗೆ ಜಿಎಸ್‌ಟಿಆರ್-1 ಹನ್ನೊಂದನೇ ತಾರೀಖಿಗೂ 3ಬಿ ಇಪ್ಪತ್ತಕ್ಕೂ ಹೋಗಬೇಕು. ತಪ್ಪಿದರೆ ದಂಡ ಬೀಳುವುದು ಮಾಲೀಕರಿಗೆ. ಬ್ಯಾಂಕಿನಿಂದ ಬಂದವರಿಗೆ ಇಲ್ಲೊಂದು ನಿಜವಾದ ಕೊರತೆ ಇರುತ್ತದೆ. ಖಾತೆ ತಾಳೆ ನೋಡುವುದರಲ್ಲಿ ಪಳಗಿರುತ್ತಾರೆ. ಆದರೆ ತೆರಿಗೆ ರಿಟರ್ನ್ ಅವರ ಕೈಯಿಂದ ಹೋಗಿರುವುದಿಲ್ಲ. "ಕಲಿತುಕೊಳ್ಳುತ್ತೇನೆ" ಎಂದರೆ ಸಾಲದು. ಸಂದರ್ಶನಕ್ಕೆ ಮೊದಲೇ ಕಲಿತು, ಕಾಲ್ಪನಿಕ ಮಂಡಿಯೊಂದರ ಒಂದು ತಿಂಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದು, ಬೆಳೆಗಾರರಿಗೆ ಕೊಟ್ಟ ಮುಂಗಡ, ಬಂದ ಮಾಲು, ಉಳಿದ ಬಾಕಿ ಎಲ್ಲವೂ ಕಾಣುವಂತೆ ಅಚ್ಚು ಹಾಕಿಸಿಕೊಂಡು ಹೋಗಬೇಕು. ಆ ಹಾಳೆಯನ್ನು ಮೇಜಿನ ಮೇಲಿಟ್ಟರೆ ಮಾತು ವಯಸ್ಸಿನಿಂದ ಲೆಕ್ಕಕ್ಕೆ ತಿರುಗುತ್ತದೆ.

ಕಿರಿಯರ ಕೈಕೆಳಗೆ ದುಡಿಯುವ ಬಗ್ಗೆ ಕೇಳಿದರೆ, ತಮಗಿಂತ ಚಿಕ್ಕ ವಯಸ್ಸಿನ ಮ್ಯಾನೇಜರ್ ಅಡಿಯಲ್ಲಿ ಮಾಡಿದ ಒಂದು ಕೆಲಸವನ್ನು ಹೇಳಿ ಮುಗಿಸಬಹುದು. ಬ್ಯಾಂಕಿನಲ್ಲಿದ್ದ ಯಾರಿಗೂ ಅಂಥ ಉದಾಹರಣೆಗೆ ಕೊರತೆಯಿಲ್ಲ.

ಕಷ್ಟದ ಪ್ರಶ್ನೆ ಇದಲ್ಲ. "ನಿಮಗೆ ಪಿಂಚಣಿ ಬರುತ್ತದಲ್ಲ, ಸಂಬಳ ಸ್ವಲ್ಪ ಕಡಿಮೆಯಾದರೂ ನಡೆಯುತ್ತದಲ್ಲವೇ?" ನಮ್ಮ ಊರುಗಳಲ್ಲಿ ಇದನ್ನು ಗೌರವದಿಂದ, ನಗುತ್ತಲೇ ಕೇಳುತ್ತಾರೆ. ಹಿರಿಯರು ಸಂಕೋಚಕ್ಕೆ ಒಪ್ಪಿಬಿಡುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಒಬ್ಬರು ಹೀಗೆ ಒಪ್ಪಿದರೆ ಅದೇ ದರ ಮುಂದಿನವರಿಗೂ ಗಂಟುಬೀಳುತ್ತದೆ. ಅದೇ ಮೇಜಿನಲ್ಲಿ ಪಿಂಚಣಿಯಿಲ್ಲದೆ ದುಡಿಯುವ ತರುಣನ ಸಂಬಳವೂ ಇಳಿಯುತ್ತದೆ.

ಉತ್ತರ ಹೀಗಿರಲಿ: "ಪಿಂಚಣಿ ಹಿಂದೆ ಮಾಡಿದ ಸೇವೆಗೆ ಬರುವುದು. ಈ ಹುದ್ದೆಗೆ ನೀವು ಬೇರೆಯವರಿಗೆ ಎಷ್ಟು ಕೊಡುತ್ತಿದ್ದಿರೋ ಅದನ್ನೇ ಕೇಳುತ್ತೇನೆ. ಹಣ ಹೊಂದದಿದ್ದರೆ ದಿನಗಳನ್ನು ಕಡಿಮೆ ಮಾಡೋಣ." ಉದಾಹರಣೆಗೆ, ವಾರಕ್ಕೆ ಆರು ದಿನದ ಕೆಲಸಕ್ಕೆ ತಿಂಗಳಿಗೆ 24,000 ರೂಪಾಯಿ ಎಂದುಕೊಳ್ಳಿ. ಮಾಲೀಕರ ಕೈಯಲ್ಲಿ 16,000 ಮಾತ್ರ ಇದ್ದರೆ ಅದು ನಾಲ್ಕು ದಿನದ ಕೆಲಸ. ಕೊನೆಕೊಯ್ಲು ಮುಗಿದು ಮಾಲು ಮಂಡಿಗೆ ಹರಿದುಬರುವ ತಿಂಗಳುಗಳಲ್ಲಿ ಆರು ದಿನ, ಪೂರ್ತಿ ಸಂಬಳ. ಉಳಿದ ತಿಂಗಳುಗಳಲ್ಲಿ ನಾಲ್ಕು ದಿನ. ದರ ಇಳಿಯಲಿಲ್ಲ, ಮಂಡಿಯ ಖರ್ಚು ಇಳಿಯಿತು. ಹಂಗಾಮಿನ ವ್ಯಾಪಾರಕ್ಕೆ ಇಂಥ ಏರ್ಪಾಡು ಹೊಂದುತ್ತದೆ.

ಪ್ರಶ್ನೆಯ ಹಿಂದೆ ಕಾಳಜಿಯಿದೆಯೋ ಪೂರ್ವಗ್ರಹವಿದೆಯೋ ಎಂದು ತಿಳಿಯುವುದು ಹೇಗೆ? ಕಾಳಜಿಯವರು ಉತ್ತರ ಕೇಳಿ ಮುಂದಿನ ವಿಷಯಕ್ಕೆ ಹೋಗುತ್ತಾರೆ: ಯಾವಾಗ ಬರುತ್ತೀರಿ, ಮುಂಗಡದ ಬಾಕಿ ಹೇಗೆ ವಸೂಲು ಮಾಡುತ್ತೀರಿ ಎನ್ನುತ್ತಾರೆ. ಪೂರ್ವಗ್ರಹದವರು ಹಾಳೆಯನ್ನು ನೋಡುವುದೇ ಇಲ್ಲ. ಆರೋಗ್ಯ, ಮೊಮ್ಮಕ್ಕಳು, ವಿಶ್ರಾಂತಿ ಎಂದು ಅಲ್ಲಲ್ಲೇ ಸುತ್ತುತ್ತಾರೆ. ಆಗ ಒಮ್ಮೆ ನೇರವಾಗಿ ಕೇಳಿ: "ಈ ಕೆಲಸದ ಯಾವ ಭಾಗ ನನ್ನಿಂದ ಆಗದು ಎಂದು ನಿಮಗೆ ಅನ್ನಿಸುತ್ತಿದೆ?" ಒಂದು ಭಾಗವನ್ನು ಹೆಸರಿಸಿದರೆ ಅದಕ್ಕೆ ಉತ್ತರ ಕೊಡಬಹುದು. ಹೆಸರಿಸದಿದ್ದರೆ ನಮಸ್ಕಾರ ಹೇಳಿ ಏಳಬಹುದು. ಖಾಸಗಿ ನೌಕರಿಯಲ್ಲಿ ವಯಸ್ಸಿನ ಕಾರಣಕ್ಕೆ ನಿರಾಕರಿಸುವುದನ್ನು ತಡೆಯುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಸರ್ಕಾರಿ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ ಸಂವಿಧಾನದ 16ನೇ ವಿಧಿಯ ಪಟ್ಟಿಯಲ್ಲೂ ವಯಸ್ಸು ಸೇರಿಲ್ಲ.

ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ದಿನಗಳು, ಹಂಗಾಮಿನ ಸಂಬಳ, ಒಪ್ಪಂದದ ಅವಧಿ, ಬಿಡುವ ಮೊದಲು ಎಷ್ಟು ದಿನದ ಸೂಚನೆ, ಇವಿಷ್ಟೂ ಕಾಗದದಲ್ಲಿ ಬರಲಿ. ಪಿಂಚಣಿಯ ಮೊತ್ತವನ್ನೂ ಹೊಸ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಆದಾಯ ತೆರಿಗೆಯಲ್ಲಿ ಪಿಂಚಣಿಯೂ ಸಂಬಳದ ಲೆಕ್ಕಕ್ಕೇ ಸೇರುತ್ತದೆ. ಹೊಸ ಪದ್ಧತಿಯ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡಕ್ಕೂ ಸೇರಿ ಒಮ್ಮೆ ಮಾತ್ರ. ಬ್ಯಾಂಕೂ ಮಂಡಿಯೂ ಬೇರೆ ಬೇರೆಯಾಗಿ ಅದನ್ನು ಕಳೆದು ತೆರಿಗೆ ಹಿಡಿದರೆ, ವ್ಯತ್ಯಾಸವನ್ನು ರಿಟರ್ನ್ ಸಲ್ಲಿಸುವ ಹೊತ್ತಿಗೆ ನೀವೇ ಕಟ್ಟಬೇಕಾಗುತ್ತದೆ.