ರೋಲ್ ಮಾಡಿದ ದಿನ ನೀವು ಕೊಂಡಿದ್ದೇನು?

ಕೇಳುಗರಿಗೆ ನಮಸ್ಕಾರ.

ನಿಮ್ಮ ಹತ್ತಿರ ಒಂದು ಫ್ಯೂಚರ್ಸ್ ಕಾಂಟ್ರ್ಯಾಕ್ಟ್, ಅಂದರೆ ಮುಂದಿನ ಒಂದು ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡಿ ಕೊಳ್ಳುವ ಒಪ್ಪಂದ, ಇದೆ ಅಂದುಕೊಳ್ಳಿ. ಇನ್ನೊಂದು ವಾರಕ್ಕೆ ಅದರ ಎಕ್ಸ್‌ಪೈರಿ. ಆದರೆ ಬೆಲೆ ಏರುತ್ತದೆ ಎಂಬ ನಿಮ್ಮ ನಂಬಿಕೆ ಇನ್ನೂ ಮುಗಿದಿಲ್ಲ. ಆಗ ಏನು ಮಾಡುತ್ತೀರಿ? ಈ ತಿಂಗಳದ್ದನ್ನು ಮಾರಿ, ಮುಂದಿನ ತಿಂಗಳದ್ದನ್ನು ಕೊಳ್ಳುತ್ತೀರಿ. ಇದಕ್ಕೆ ರೋಲ್ ಮಾಡುವುದು ಅನ್ನುತ್ತಾರೆ. ಇವತ್ತು ನಾನು ಹೇಳಬೇಕಾದ ಮಾತು ಒಂದೇ. ರೋಲ್ ಅಂದರೆ ಎರಡು ವ್ಯಾಪಾರ. ಹಳೆಯದು ಅಲ್ಲಿಗೆ ಮುಗಿಯಿತು. ಹೊಸದನ್ನು ನೀವು ಇವತ್ತು, ಇವತ್ತಿನ ಬೆಲೆಗೆ, ಹೊಸದಾಗಿ ಕೊಂಡಿದ್ದೀರಿ.

ಇಷ್ಟೇನಾ ಅನ್ನಿಸಬಹುದು. ಆದರೆ ಈ ಇಷ್ಟನ್ನು ಮರೆತು ದುಡ್ಡು ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಒಬ್ಬರ ಕತೆ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ಮಾತ್ರ ದುಂಡಗೆ ಮಾಡಿಕೊಂಡಿದ್ದೇನೆ.

ಅವರು ನನಗೆ ಹಳೆಯ ಪರಿಚಯ. ತುಂಬ ಶಿಸ್ತಿನ ಮನುಷ್ಯ. ಪ್ರತಿ ವ್ಯವಹಾರವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಕಚ್ಚಾ ತೈಲದ ಬೆಲೆ ಏರುತ್ತದೆ ಎಂದು ಒಂದು ಲಾಟ್ ಕೊಂಡರು. ನ್ಯೂಯಾರ್ಕ್‌ನಲ್ಲಿ ನಡೆಯುವ ತೈಲದ ಕಾಂಟ್ರ್ಯಾಕ್ಟ್‌ನಲ್ಲಿ ಒಂದು ಲಾಟ್ ಅಂದರೆ 1,000 ಬ್ಯಾರೆಲ್. ಆಗ ತೈಲದ ಬೆಲೆ 60 ಡಾಲರ್. ಪ್ರತಿ ತಿಂಗಳೂ ರೋಲ್ ಮಾಡುತ್ತಾ ಒಂದು ವರ್ಷ ಕಾದರು. ವರ್ಷದ ಕೊನೆಗೆ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದರು. "ತೈಲ ಅವತ್ತೂ 60, ಇವತ್ತೂ 60. ನನಗೆ ಲಾಭ ಬೇಡ, ನಷ್ಟವೂ ಆಗಬಾರದಿತ್ತು ಅಲ್ವಾ? ಖಾತೆಯಲ್ಲಿ 7,000 ಡಾಲರ್‌ಗಿಂತ ಜಾಸ್ತಿ ಕಡಿಮೆಯಾಗಿದೆ. ಬ್ರೋಕರೇಜ್ ಇಷ್ಟೊಂದು ತಿಂದಿದೆಯಾ?" ಎಂದು ಕೇಳಿದರು.

ಇಬ್ಬರೂ ಕೂತು ಮೊದಲು ಬ್ರೋಕರೇಜ್ ಕೂಡಿದೆವು. ಪ್ರತಿ ರೋಲ್‌ಗೆ ಎರಡು ಕಡೆಯ ಕಮಿಷನ್ 5 ಡಾಲರ್. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಇರುವ ಸಣ್ಣ ಅಂತರ ಬ್ಯಾರೆಲ್‌ಗೆ 1 ಸೆಂಟ್, ಅಂದರೆ ಲಾಟ್‌ಗೆ 10 ಡಾಲರ್. ಒಟ್ಟು 15. ವರ್ಷದಲ್ಲಿ 11 ರೋಲ್. 165 ಡಾಲರ್. ಅವರು ಮತ್ತೆ ಮತ್ತೆ ಕೂಡಿ ನೋಡಿದರು. ಅಷ್ಟೇ ಬಂತು. ಹಾಗಾದರೆ ಉಳಿದ ಹಣ ಎಲ್ಲಿ ಹೋಯಿತು?

ಅದು ಅವರ ನೋಟ್‌ಬುಕ್‌ನಲ್ಲೇ ಇತ್ತು. ಪ್ರತಿ ರೋಲ್‌ನ ಸಾಲು ನೋಡಿದರೆ ಹೀಗೆ: ಹಳೆಯದು 60.00ಕ್ಕೆ ಮಾರಾಟ, ಹೊಸದು 60.60ಕ್ಕೆ ಖರೀದಿ. ಮುಂದಿನ ತಿಂಗಳೂ ಹಾಗೇ. ಅದರ ಮುಂದಿನ ತಿಂಗಳೂ ಹಾಗೇ. ಮುಂದಿನ ತಿಂಗಳ ಕಾಂಟ್ರ್ಯಾಕ್ಟ್ ಯಾವಾಗಲೂ 60 ಸೆಂಟ್ ಜಾಸ್ತಿಗೆ ಸಿಗುತ್ತಿತ್ತು. ಮಾರುಕಟ್ಟೆಯವರು ಇದನ್ನು ಕಾಂಟ್ಯಾಂಗೊ ಅನ್ನುತ್ತಾರೆ. ಯಾಕೆ ಜಾಸ್ತಿ? ತೈಲವನ್ನು ಒಂದು ತಿಂಗಳು ಇಟ್ಟುಕೊಳ್ಳಲು ಟ್ಯಾಂಕ್ ಬಾಡಿಗೆ ಬೇಕು, ವಿಮೆ ಬೇಕು, ಹಾಕಿದ ದುಡ್ಡಿಗೆ ಬಡ್ಡಿ ಬೇಕು. ಇವತ್ತು ಕೊಂಡು ಇಟ್ಟು ಮುಂದಿನ ತಿಂಗಳು ಕೊಡುವವನು ಅದನ್ನೆಲ್ಲ ಬೆಲೆಗೆ ಸೇರಿಸುತ್ತಾನೆ.

ಈಗ ಗಮನ ಕೊಟ್ಟು ಕೇಳಿ. ರೋಲ್ ಮಾಡಿದ ದಿನ ಆ 60 ಸೆಂಟ್ ನಷ್ಟ ಆಗುವುದಿಲ್ಲ. 60ಕ್ಕೆ ಮಾರಿದಿರಿ, ನಿಜ. ಆದರೆ 60.60ಕ್ಕೆ ಕೊಂಡ ವಸ್ತುವಿನ ಬೆಲೆ ಆ ಗಳಿಗೆಯಲ್ಲಿ 60.60 ಇದ್ದೇ ಇದೆ. ಅವತ್ತು ಸಂಜೆ ಖಾತೆ ನೋಡಿದರೆ ಕಮಿಷನ್ ಬಿಟ್ಟು ಏನೂ ಕಡಿಮೆಯಾಗಿರುವುದಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ನಷ್ಟ ಶುರುವಾಗುವುದು ಮಾರನೆಯ ದಿನದಿಂದ. ಎಕ್ಸ್‌ಪೈರಿ ಹತ್ತಿರ ಬಂದ ಹಾಗೆ ಫ್ಯೂಚರ್ಸ್ ಬೆಲೆ ತೈಲದ ನಿಜವಾದ ಬೆಲೆಯ ಕಡೆಗೆ ಇಳಿಯುತ್ತಾ ಬರುತ್ತದೆ. ತೈಲ 60ರಲ್ಲೇ ನಿಂತಿದ್ದರೆ, ನಿಮ್ಮ 60.60 ದಿನಕ್ಕೆ ಸುಮಾರು 3 ಸೆಂಟ್‌ನಂತೆ ಸವೆದು ತಿಂಗಳ ಕೊನೆಗೆ 60 ಆಗುತ್ತದೆ. ಲಾಟ್‌ಗೆ ದಿನಕ್ಕೆ 30 ಡಾಲರ್. ತೈಲದ ಬೆಲೆ ದಿನಕ್ಕೆ ಒಂದು ಡಾಲರ್ ಮೇಲೆ ಕೆಳಗೆ ಆಡುವಾಗ ಈ 3 ಸೆಂಟ್ ಯಾರ ಕಣ್ಣಿಗೆ ಬೀಳುತ್ತದೆ?

ಹನ್ನೆರಡು ತಿಂಗಳು, ತಿಂಗಳಿಗೆ 60 ಸೆಂಟ್. ಬ್ಯಾರೆಲ್‌ಗೆ 7 ಡಾಲರ್ 20 ಸೆಂಟ್. 1,000 ಬ್ಯಾರೆಲ್‌ಗೆ 7,200 ಡಾಲರ್. ಅವರು ಹುಡುಕುತ್ತಿದ್ದ ಹಣ ಇದೇ. ನನ್ನ ಪರಿಚಿತರು ಪೆನ್ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟರು. ಆಮೇಲೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ನಾನು ಒಂದೇ ವಸ್ತುವನ್ನು ವರ್ಷವಿಡೀ ಇಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ. ಹನ್ನೆರಡು ಬೇರೆ ಬೇರೆ ವಸ್ತು ಕೊಂಡಿದ್ದೀನಲ್ಲ." ಹೌದು. ಹನ್ನೆರಡು ಸಲ, ಪ್ರತಿ ಸಲವೂ ದುಬಾರಿ ಬೆಲೆಗೆ. ತೈಲ ವರ್ಷದಲ್ಲಿ 12% ಏರಿದ್ದರೂ ಅವರು ಬರೀ ಇದ್ದಲ್ಲೇ ಇರುತ್ತಿದ್ದರು.

ಇದು ನಿಮಗೂ ಆಗುತ್ತಿದೆಯಾ ಎಂದು ತಿಳಿಯುವುದು ಸುಲಭ. ರೋಲ್ ಮಾಡುವ ಮೊದಲು ಮುಂದಿನ ತಿಂಗಳ ಬೆಲೆಯಿಂದ ಈ ತಿಂಗಳ ಬೆಲೆ ಕಳೆಯಿರಿ. ಬಂದದ್ದನ್ನು ಈ ತಿಂಗಳ ಬೆಲೆಯಿಂದ ಭಾಗಿಸಿ, ಹನ್ನೆರಡರಿಂದ ಗುಣಿಸಿ. ಇಲ್ಲಿ 60 ಸೆಂಟ್, 60 ಡಾಲರ್‌ಗೆ 1%, ವರ್ಷಕ್ಕೆ 12%. ಈ ಅಂಕಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಕೇಳಿಕೊಳ್ಳಿ: ನನ್ನ ಹತ್ತಿರ ಏನೂ ಇಲ್ಲದಿದ್ದರೆ, ಇವತ್ತು ಈ ಬೆಲೆಗೆ ಇದನ್ನು ಕೊಳ್ಳುತ್ತಿದ್ದೆನಾ? ಇಲ್ಲ ಅನ್ನುವುದಾದರೆ ಹಳೆಯದನ್ನು ಮಾರಿ ಅಲ್ಲಿಗೆ ನಿಲ್ಲಿಸಿ. ದಯವಿಟ್ಟು ಚಾರ್ಟ್ ತೋರಿಸಿ ನನ್ನ ಜೊತೆ ವಾದ ಮಾಡಬೇಡಿ. ಹಲವು ಚಾರ್ಟ್‌ಗಳು ಒಂದು ತಿಂಗಳ ಬೆಲೆಯನ್ನು ಮುಂದಿನ ತಿಂಗಳ ಬೆಲೆಗೆ ಸುಮ್ನೆ ಅಂಟಿಸಿರುತ್ತವೆ. ರೋಲ್ ದಿನ ಗೆರೆ 60ರಿಂದ 60.60ಕ್ಕೆ ಹಾರುತ್ತದೆ. ಆ ಹಾರಿಕೆಯ ಲಾಭ ಯಾರ ಖಾತೆಗೂ ಬರುವುದಿಲ್ಲ.

ಇದರ ಉಲ್ಟಾ ಕೂಡ ಇದೆ. ಮುಂದಿನ ತಿಂಗಳದ್ದು ಕಡಿಮೆ ಬೆಲೆಗೆ ಸಿಗುವ ಕಾಲ ಬರುತ್ತದೆ. ಅದು ಬ್ಯಾಕ್‌ವರ್ಡೇಶನ್. ಸರಕಿಗೆ ಈಗಲೇ ಬೇಡಿಕೆ ಇದ್ದು ದಾಸ್ತಾನು ಕಡಿಮೆ ಇದ್ದಾಗ ಹೀಗಾಗುತ್ತದೆ. ಆಗ ಬೆಲೆ ನಿಂತಲ್ಲೇ ನಿಂತರೂ ಕೊಂಡವರಿಗೆ ಲಾಭ.

ಇನ್ನು ರೋಲ್ ಯಾವಾಗ ಮಾಡಬೇಕು? ಕತೆಗೇ ಜಾಸ್ತಿ ಹೊತ್ತು ಹಿಡಿಯಿತು, ಇದನ್ನು ಬೇಗ ಹೇಳುತ್ತೇನೆ. ಜನ ಯಾವ ತಿಂಗಳಲ್ಲಿ ಇದ್ದಾರೋ ನೀವೂ ಅಲ್ಲೇ ಇರಿ. ಎರಡೂ ತಿಂಗಳ ದಿನದ ವಹಿವಾಟು ನೋಡುತ್ತಾ ಇರಿ. ಮುಂದಿನ ತಿಂಗಳ ವಹಿವಾಟು ಈ ತಿಂಗಳಿಗಿಂತ ಜಾಸ್ತಿಯಾದ ದಿನ ರೋಲ್ ಮಾಡಿ. ಲಾಟ್ ಬಹಳ ಇದ್ದರೆ ಕೆಲವು ದಿನಗಳಿಗೆ ಹಂಚಿ. ಎಸ್ ಅಂಡ್ ಪಿ ಜಿಎಸ್‌ಸಿಐ ಎಂಬ ದೊಡ್ಡ ಸರಕು ಸೂಚ್ಯಂಕ ಹಾಗೇ ಮಾಡುತ್ತದೆ. ತಿಂಗಳ 5ನೇ ವ್ಯವಹಾರ ದಿನದಿಂದ 9ನೇ ದಿನದವರೆಗೆ, ದಿನಕ್ಕೆ 20% ಬದಲಿಸುತ್ತದೆ. ಮತ್ತೆ, ಮಾರುವುದು ಒಂದು ಆರ್ಡರ್, ಕೊಳ್ಳುವುದು ಇನ್ನೊಂದು ಆರ್ಡರ್ ಎಂದು ಹಾಕಬೇಡಿ. ಎರಡರ ನಡುವೆ ಬೆಲೆ 5 ಸೆಂಟ್ ಜಾರಿದರೆ ಲಾಟ್‌ಗೆ 50 ಡಾಲರ್ ಹೋಯಿತು. ಎರಡೂ ಒಟ್ಟಿಗೆ ಆಗುವ ಕ್ಯಾಲೆಂಡರ್ ಸ್ಪ್ರೆಡ್ ಆರ್ಡರ್ ಹಾಕಿ, ಅಂತರ ಎಷ್ಟಿರಬೇಕು ಎಂದು ನೀವೇ ನಮೂದಿಸಿ.

ಕೊನೆಯ ದಿನದವರೆಗೆ ಮಾತ್ರ ಕಾಯಬೇಡಿ. 2020ರ ಏಪ್ರಿಲ್ 20ನ್ನು ನೆನಪಿಸಿಕೊಳ್ಳಿ. ಮೇ ತಿಂಗಳ ತೈಲ ಕಾಂಟ್ರ್ಯಾಕ್ಟ್‌ಗೆ ಮಾರನೆಯ ದಿನವೇ ಕೊನೆ. ಅವಧಿ ಮುಗಿದ ಮೇಲೂ ಇಟ್ಟುಕೊಂಡವರು ಓಕ್ಲಹೋಮಾದ ಕುಶಿಂಗ್‌ನಲ್ಲಿ ತೈಲ ತೆಗೆದುಕೊಳ್ಳಬೇಕು. ಅಲ್ಲಿ ಟ್ಯಾಂಕ್‌ಗಳಲ್ಲಿ ಜಾಗ ಸಿಗುವುದೇ ಕಷ್ಟವಾಗಿತ್ತು. ಅವತ್ತು ಮೇ ಕಾಂಟ್ರ್ಯಾಕ್ಟ್ ಸೊನ್ನೆಗಿಂತ 37 ಡಾಲರ್ 63 ಸೆಂಟ್ ಕೆಳಗೆ ಮುಗಿಯಿತು. ಅದೇ ದಿನ ಜೂನ್ ಕಾಂಟ್ರ್ಯಾಕ್ಟ್ 20 ಡಾಲರ್ 43 ಸೆಂಟ್. ಅವತ್ತಿನ ಮುಕ್ತಾಯದ ಬೆಲೆಗೆ ರೋಲ್ ಮಾಡಿದವರಿಗೆ ಎರಡು ತಿಂಗಳ ನಡುವಿನ ಅಂತರ 58 ಡಾಲರ್ 6 ಸೆಂಟ್. ಕೆಲವೇ ದಿನ ಮುಂಚೆ ಬದಲಿಸಿದವರಿಗೆ ಈ ಪಾಡು ಬರಲಿಲ್ಲ.

ಈಗ ಆಪ್ಷನ್. ಇಲ್ಲೂ ಅದೇ ಮಾತು, ಎರಡು ವ್ಯಾಪಾರ. ಪುಟ್ ಅಂದರೆ ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕು. ಪುಟ್ ಮಾರಿದವರು, ಕೇಳಿದರೆ ಆ ಬೆಲೆಗೆ ಕೊಳ್ಳಲೇಬೇಕು. ನೀವು 100ರ ಪುಟ್ ಒಂದನ್ನು 3ಕ್ಕೆ ಮಾರಿದ್ದಿರಿ. ಬೆಲೆ 94ಕ್ಕೆ ಬಿತ್ತು. ಪುಟ್ ಈಗ 7. ಅದನ್ನು 7ಕ್ಕೆ ವಾಪಸ್ ಕೊಂಡು, ಮುಂದಿನ ತಿಂಗಳ 100ರ ಪುಟ್ ಅನ್ನು 8.50ಕ್ಕೆ ಮಾರುತ್ತೀರಿ. "ರೋಲ್ ಮಾಡಿದ್ದಕ್ಕೆ ನನಗೇ 1.50 ಬಂತು" ಎಂದು ಖುಷಿಪಡುವವರಿದ್ದಾರೆ. ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. 3ಕ್ಕೆ ಮಾರಿದ್ದನ್ನು 7ಕ್ಕೆ ಕೊಂಡಿರಿ. 4ರ ನಷ್ಟ ಅಲ್ಲೇ ಆಗಿಹೋಯಿತು. ನೋಟ್‌ಬುಕ್‌ನಲ್ಲಿ ಅದನ್ನು ನಷ್ಟ ಎಂದೇ ಬರೆಯಿರಿ. ಹೊಸ ಪುಟ್‌ನ 8.50ರಲ್ಲಿ 6 ಈಗಾಗಲೇ ಬಿದ್ದ ಬೆಲೆಯ ಪಾಲು. ಇನ್ನೊಂದು ತಿಂಗಳು ಅಪಾಯ ಹೊರುವುದಕ್ಕೆ ನಿಮಗೆ ಸಿಕ್ಕಿರುವ ಕೂಲಿ 2.50 ಮಾತ್ರ. ಬೆಲೆ 94ರಲ್ಲೇ ನಿಂತರೆ ಆ 2.50 ಉಳಿಯುತ್ತದೆ, ಹಳೆಯ 4ರ ನಷ್ಟದಲ್ಲಿ ಅದನ್ನು ಕಳೆದರೂ ಒಟ್ಟು 1.50 ನಷ್ಟವೇ. 90ಕ್ಕೆ ಬಿದ್ದರೆ ಹೊಸ ಪುಟ್‌ನಲ್ಲಿ ಇನ್ನೂ 1.50 ನಷ್ಟ, ಹಳೆಯದೂ ಸೇರಿ 5.50.

ಇವತ್ತು ಸಂಜೆಯೇ ನಿಮ್ಮ ಹಳೆಯ ರೋಲ್‌ಗಳನ್ನು ತೆಗೆದು ಹೀಗೆ ಎರಡೆರಡು ಸಾಲಾಗಿ ಬರೆದು ನೋಡಿ. ನಮಸ್ಕಾರ.