ಪಾಡ್ಯದ ಇಸ್ಪೀಟು ಮತ್ತು ಮೊಬೈಲಿನ ರಮ್ಮಿ: ಗೆದ್ದ ಹಣದಲ್ಲಿ ಪಾಲು ಯಾರದು?

ಮಾನ್ಯ ಸಭಿಕರೇ,

ಮೂವತ್ತು ವರ್ಷ ಬ್ಯಾಂಕಿನ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮನೋವೈದ್ಯನಲ್ಲ, ವಕೀಲನೂ ಅಲ್ಲ. ಲೆಕ್ಕ ನೋಡುವುದಷ್ಟೇ ನನಗೆ ಗೊತ್ತಿರುವ ವಿದ್ಯೆ. ಹಬ್ಬದ ದಿನ ಮನೆಯಲ್ಲಿ ಆಡುವ ಇಸ್ಪೀಟಿಗೂ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಗೂ ಇರುವ ವ್ಯತ್ಯಾಸ ನನಗೆ ಕಂಡದ್ದು ಕೂಡ ಒಂದು ಖಾತೆಯ ಲೆಕ್ಕದಲ್ಲಿಯೇ. ಆದ್ದರಿಂದ ಇಂದು ಆ ದಾರಿಯಿಂದಲೇ ವಿಷಯಕ್ಕೆ ಬರುತ್ತೇನೆ.

ನಮ್ಮ ಧಾರವಾಡದ ಮನೆಯಲ್ಲಿ ಬಲಿಪಾಡ್ಯಮಿಯ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಲೆ ಹಾಕುವುದು ನನ್ನ ಅಜ್ಜನ ಕಾಲದಿಂದ ಬಂದ ರೂಢಿ. ಈ ಪಾಡ್ಯಕ್ಕೆ ದ್ಯೂತಪ್ರತಿಪದೆ ಎಂಬ ಹೆಸರೇ ಇದೆ. ಶಿವ ಪಾರ್ವತಿಯರು ಪಗಡೆಯಾಡಿದ ದಿನವೆಂದು ಹಿರಿಯರು ಕಥೆ ಹೇಳುತ್ತಿದ್ದರು, ಅಂದು ಗೆದ್ದವರಿಗೆ ವರ್ಷವಿಡೀ ಗೆಲುವು ಎಂಬ ನಂಬಿಕೆಯೂ ಇತ್ತು. ನಾಗರಪಂಚಮಿಗೆ ನಮ್ಮ ಹಳ್ಳಿಗಳಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುವವರನ್ನು ನೀವೆಲ್ಲ ಕಂಡಿದ್ದೀರಿ. ಪಣ ಕಟ್ಟುವುದು ನಮ್ಮ ಹಬ್ಬಗಳಿಗೆ ಹೊಸದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ಪ್ರಾಮಾಣಿಕತೆ.

ಆದರೆ ಆ ಪಡಸಾಲೆಯ ಆಟ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಗಮನವಿಟ್ಟು ನೋಡೋಣ. ಆರು ಜನ ಕುಳಿತರೆ ಎರಡು ಕಟ್ಟು ಎಲೆಗಳು ಬೇಕು. ಅವನ್ನು ಕೂಡಿಸಿ, ಕಲಸಿ, ಒಬ್ಬೊಬ್ಬರಿಗೆ ಹದಿಮೂರರಂತೆ ಎಪ್ಪತ್ತೆಂಟು ಎಲೆಗಳನ್ನು ಕೈಯಿಂದಲೇ ಹಂಚಬೇಕು. ನಡುವೆ ಯಾರೋ ಚಹಾಕ್ಕೆ ಏಳುತ್ತಾರೆ, ಮಗು ಬಂದು ಎಲೆ ಕಲಸಿಬಿಡುತ್ತದೆ, ಸೋತವರು ತಕರಾರು ತೆಗೆಯುತ್ತಾರೆ. ಗಂಟೆಗೆ ಮೂರು ಆಟವಾದರೆ ಹೆಚ್ಚು. ನನ್ನ ದೊಡ್ಡಮ್ಮ ಎಲ್ಲರಿಗಿಂತ ಚುರುಕಾಗಿ ಆಡುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದುದರಿಂದ ಅವರೆದುರು ದೊಡ್ಡ ಪಣ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ದೀಪ ಹಚ್ಚುವ ಹೊತ್ತಾದರೆ ಜಮಖಾನೆ ಎತ್ತಲೇಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾದ ಮಾತು, ಆರು ಜನ ನೂರು ನೂರು ರೂಪಾಯಿ ತಂದು ಕುಳಿತರೆ ಆಟ ಮುಗಿದಾಗಲೂ ಅದೇ ಆರುನೂರು ರೂಪಾಯಿ ಅದೇ ಪಡಸಾಲೆಯಲ್ಲಿ ಇರುತ್ತಿತ್ತು. ಒಬ್ಬರ ಕಿಸೆಯಿಂದ ಇನ್ನೊಬ್ಬರ ಕಿಸೆಗೆ ಹೋಗಿರುತ್ತಿತ್ತು, ಅಷ್ಟೆ. ಮನೆಯ ಯಜಮಾನನಾದ ಅಜ್ಜ ಅದರಲ್ಲಿ ಒಂದು ಪೈಸೆ ಮುಟ್ಟುತ್ತಿರಲಿಲ್ಲ.

ಕಾನೂನೂ ಬಹಳ ಕಾಲದಿಂದ ಗೆರೆ ಎಳೆದದ್ದು ಇಲ್ಲಿಯೇ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಮನೆ ಯಾವುದೆಂದು ಹೇಳುವಾಗ ಆ ಜಾಗದ ಒಡೆಯನಿಗೆ ಆಟದಿಂದ ಲಾಭವಿದೆಯೇ ಎಂದು ಕೇಳುತ್ತದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1968ರಲ್ಲಿ ಕೊಟ್ಟ ತೀರ್ಪನ್ನು ಆ್ಯಪ್ ಕಂಪನಿಗಳು ವರ್ಷಗಟ್ಟಲೆ ಮುಂದಿಟ್ಟವು. ರಮ್ಮಿ ಬಹುಪಾಲು ಕೌಶಲದ ಆಟವೆಂದು ಆ ತೀರ್ಪು ಹೇಳಿದ್ದು ನಿಜ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಪಣವಿಟ್ಟು ಆಡುವ ರಮ್ಮಿಯಿಂದ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿರುವುದು ಕಂಡುಬಂದರೆ ಅದು ಅಪರಾಧವಾಗಬಹುದು. ಜಾಹೀರಾತುಗಳು ಮೊದಲ ಮಾತನ್ನು ಊರೆಲ್ಲ ಸಾರಿದವು, ಎರಡನೆಯದನ್ನು ಜನರಿಗೆ ಯಾರೂ ಹೇಳಲಿಲ್ಲ.

ಆ್ಯಪ್ ಆಡಿಸುವವನ ಪಾಲು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಆರು ಜನ ತಲಾ ನೂರು ರೂಪಾಯಿ ಕಟ್ಟಿ ಕೂಡುತ್ತಾರೆ ಎಂದುಕೊಳ್ಳಿ. ಕೂಡಿದ್ದು 600 ರೂಪಾಯಿ. ಆಡಿಸುವವನ ಶುಲ್ಕವನ್ನು ಶೇಕಡಾ 10 ಎಂದು ಹಿಡಿಯೋಣ, ಅದಕ್ಕಿಂತ ಹೆಚ್ಚು ಹಿಡಿಯುತ್ತಿದ್ದವರೂ ಇದ್ದರು. 60 ರೂಪಾಯಿ ಅಲ್ಲಿಯೇ ಹೋಯಿತು, ಗೆದ್ದವನಿಗೆ ಸಿಕ್ಕದ್ದು 540. ಒಂದು ಆಟಕ್ಕೆ ಇದು ದೊಡ್ಡದಾಗಿ ಕಾಣುವುದಿಲ್ಲ, ಏಕೆಂದರೆ ಗೆದ್ದವನು ಸಂತೋಷದಲ್ಲಿರುತ್ತಾನೆ, ಸೋತವನು ತನ್ನ ನೂರನ್ನು ಮಾತ್ರ ಲೆಕ್ಕ ಹಾಕುತ್ತಾನೆ. ಆದರೆ ಅದೇ ಆರು ಜನ ತಲಾ ಸಾವಿರ ರೂಪಾಯಿಯೊಂದಿಗೆ ಕುಳಿತು ಬಿಡದೆ ಆಡಿದರೆ ಏನಾಗುತ್ತದೆ? ಮೊಬೈಲಿನಲ್ಲಿ ಎಲೆ ಕಲಸುವ, ಹಂಚುವ ಕೆಲಸ ಕ್ಷಣದಲ್ಲಿ ಮುಗಿಯುವುದರಿಂದ ಒಂದು ಆಟಕ್ಕೆ ಐದು ನಿಮಿಷ ಸಾಕು. ಐವತ್ತು ಆಟಗಳು, ಸುಮಾರು ನಾಲ್ಕು ತಾಸು. ಅಷ್ಟರಲ್ಲಿ ಮೇಜಿನ ಮೇಲಿದ್ದ 6,000 ರೂಪಾಯಿಯಲ್ಲಿ 3,000 ಆಡಿಸುವವನ ಕಡೆ ಸೇರಿರುತ್ತದೆ. ಯಾರು ಚೆನ್ನಾಗಿ ಆಡಿದರು, ಯಾರು ಕೆಟ್ಟದಾಗಿ ಆಡಿದರು ಎಂಬುದಕ್ಕೂ ಈ ಮೊತ್ತಕ್ಕೂ ಸಂಬಂಧವಿಲ್ಲ.

ಕೌಶಲವಿದ್ದರೆ ಗೆಲ್ಲಬಹುದಲ್ಲ ಎಂದು ಹುಡುಗರು ಕೇಳುತ್ತಾರೆ, ಅದಕ್ಕೂ ಉತ್ತರ ಈ ಲೆಕ್ಕದಲ್ಲಿಯೇ ಇದೆ. ಆರು ಜನರ ನಡುವೆ ಸರಿಸಮನಾಗಿ ಆಡುವವನು ಆರುನೂರು ಆಟಗಳಲ್ಲಿ ನೂರನ್ನು ಗೆಲ್ಲುತ್ತಾನೆ. ಮನೆಯಲ್ಲಾದರೆ ಅವನ ಲೆಕ್ಕ ಸರಿಹೋಗುತ್ತಿತ್ತು. ಇಲ್ಲಿ ಕೈಯಿಂದ ಏನೂ ಹೋಗದಿರಬೇಕಾದರೆ ಅವನು ನೂರ ಹನ್ನೆರಡು ಆಟ ಗೆಲ್ಲಬೇಕು. ಆ ಹೆಚ್ಚಿನ ಹನ್ನೆರಡು ಆಟಗಳು ಅವನಿಗಿಂತ ಕಡಿಮೆ ಬಲ್ಲ ಯಾರದೋ ಪಾಲಿನವು. ಪಡಸಾಲೆಯಲ್ಲಿ ದೊಡ್ಡಮ್ಮ ಯಾರೆಂದು ನಮಗೆ ಗೊತ್ತಿತ್ತು. ಮೊಬೈಲಿನಲ್ಲಿ ಎದುರಿಗಿರುವ ಐದು ಹೆಸರುಗಳಲ್ಲಿ ದೊಡ್ಡಮ್ಮನಂಥವರು ಎಷ್ಟು ಜನರೆಂದು ತಿಳಿಯುವ ದಾರಿ ಇರಲಿಲ್ಲ.

ಈಗ ನಾನು ಮೊದಲು ಹೇಳಿದ ಖಾತೆಗೆ ಬರುತ್ತೇನೆ. ನನ್ನ ತಂಗಿಯ ಮಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ತಿಂಗಳಿಗೆ 24,000 ರೂಪಾಯಿ ಸಂಬಳ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. 2023ರ ಪಾಡ್ಯದಂದು ನಮ್ಮ ಮನೆಯಲ್ಲಿ ಅವನು 340 ರೂಪಾಯಿ ಗೆದ್ದ. ಈ ವರ್ಷ ನಿನ್ನದೇ ಎಂದು ನಾವೆಲ್ಲ ಅವನ ಬೆನ್ನು ತಟ್ಟಿದೆವು, ನಾನೂ ತಟ್ಟಿದೆ. ಅದೇ ವಾರ ಗೆಳೆಯನೊಬ್ಬ ಆ್ಯಪಿನ ಲಿಂಕ್ ಕಳಿಸಿದ. ಯುಗಾದಿಯ ಹೊತ್ತಿಗೆ ಅವನು ತಾಯಿಯ ಬಳಿ ಎರಡು ಬಾರಿ ಸಾಲ ಕೇಳಿದ್ದ. ತಂಗಿ ನನಗೆ ತಿಳಿಸಿದಳು. ಕೇಳಿದರೆ ಅವನು ಹೇಳಿದ್ದು ಇಷ್ಟೇ: "ಮಾಮಾ, ಬಾಳ ಏನೂ ಹೋಗಿಲ್ರಿ. ಗೆದ್ದದ್ದೂ ಐತೆಲ್ಲಾ, ಐದಾರು ಸಾವಿರ ಹೋಗಿರಬೇಕು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹಾಗೆಯೇ ಅನಿಸಿತ್ತು. ಐದು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ ಇಬ್ಬರೂ ಪಕ್ಕದಲ್ಲಿ ಕುಳಿತು, ಹೋದ ಹಣಕ್ಕೆ ಕೆಂಪು, ಬಂದ ಹಣಕ್ಕೆ ಹಸಿರು ಗೆರೆ ಎಳೆಯುತ್ತ ಬಂದೆವು. ಆ್ಯಪಿಗೆ ಹೋದದ್ದು 61,400 ರೂಪಾಯಿ, ಖಾತೆಗೆ ಮರಳಿ ಬಂದದ್ದು 38,250. ವ್ಯತ್ಯಾಸ 23,150, ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಹಸಿರು ಗೆರೆಗಳು ಕಡಿಮೆ, ಆದರೆ ಒಂದೊಂದೂ ಎರಡು ಸಾವಿರ, ಮೂರು ಸಾವಿರದ್ದು, ಆದ್ದರಿಂದ ಅವು ನೆನಪಿನಲ್ಲಿ ಉಳಿದಿದ್ದವು. ಕೆಂಪು ಗೆರೆಗಳೆಲ್ಲ ಇನ್ನೂರು, ಐನೂರರವು. ಇನ್ನೂರು ರೂಪಾಯಿ ಕಳಿಸಿದ್ದನ್ನು ಯಾರು ನೆನಪಿಡುತ್ತಾರೆ? ಪಡಸಾಲೆಯಲ್ಲಿ ಮುಂದಿಟ್ಟ ನೋಟುಗಳು ಕರಗುವುದನ್ನು ಅವನ ಕಣ್ಣೇ ನೋಡುತ್ತಿತ್ತು.

ಮೊತ್ತಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಗೆರೆಗಳ ನಡುವಿನ ಅಂತರ. ನವೆಂಬರ್ ತಿಂಗಳಲ್ಲಿ ವಾರಕ್ಕೆ ಎರಡು ಮೂರು ಬಾರಿ, ಸಂಜೆ ಕೆಲಸ ಬಿಟ್ಟ ಮೇಲೆ ಹಣ ಹೋಗಿದೆ. ಫೆಬ್ರುವರಿಯ ಒಂದು ರಾತ್ರಿ ಹೀಗಿದೆ: 11:42ಕ್ಕೆ 200, 11:58ಕ್ಕೆ 200, 12:06ಕ್ಕೆ 500, 12:09ಕ್ಕೆ 1,000. ಸಮಯದ ಅಂತರ ಕಿರಿದಾಗುತ್ತ ಮೊತ್ತ ಬೆಳೆಯುತ್ತ ಹೋಗಿದೆ. ಆಟದ ಆಸೆಯಿಂದ ಆಡುವವನು ಹೀಗೆ ಹಣ ಹಾಕುವುದಿಲ್ಲ, ಹೋದದ್ದನ್ನು ಆ ರಾತ್ರಿಯೇ ಮರಳಿ ತರಬೇಕೆಂದು ಹೊರಟವನು ಹಾಕುತ್ತಾನೆ. ಮನೋವೈದ್ಯರು ಜೂಜಿನ ಕಾಯಿಲೆಯನ್ನು ಗುರುತಿಸುವಾಗ ನೋಡುವ ಲಕ್ಷಣಗಳಲ್ಲಿ ಇದೂ ಒಂದು. ಪಣವನ್ನು ಏರಿಸುತ್ತ ಹೋಗುವುದು, ಮನೆಯವರಿಂದ ಮುಚ್ಚಿಡುವುದು, ಸಾಲಕ್ಕೆ ಕೈ ಚಾಚುವುದು ಉಳಿದವುಗಳಲ್ಲಿ ಕೆಲವು. ನಾವು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದಾಗ ಅಲ್ಲಿನ ವೈದ್ಯರು ಮೊದಲು ಕೇಳಿದ್ದು ಕೂಡ ಸೋತ ದಿನದ ಮರುದಿನ ಅವನು ಏನು ಮಾಡುತ್ತಿದ್ದ ಎಂಬುದನ್ನೇ. ಆಸ್ಪತ್ರೆಗೆ ಬರಲು ಹಿಂಜರಿಯುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯ ಆಟ ನಿರ್ದೋಷಿ, ಮೊಬೈಲ್ ಮಾತ್ರ ದೋಷಿ ಎಂದು ನಾನು ಹೇಳಲಾರೆ. ಆ ಹುಡುಗನಿಗೆ ಆಟ ಕಲಿಸಿದವರು ನಾವು. ಪಣ ಕಟ್ಟುವುದು ಶುಭವೆಂಬ ಮಾತನ್ನು ಕಿವಿಗೆ ಹಾಕಿದವರೂ ನಾವು. ಮನೆಯ ಆಟವೂ ಜಾರುತ್ತದೆ, ಅದಕ್ಕೊಂದು ಗುರುತಿದೆ. ಮಕ್ಕಳು ಮಲಗಿದ ಮೇಲೆ ಆಟ ಪಡಸಾಲೆಯಿಂದ ಮಾಳಿಗೆಯ ಕೋಣೆಗೆ ಹೋಗುತ್ತದೆ, ರಮ್ಮಿ ಹೋಗಿ ಅಂದರ್ ಬಾಹರ್ ಬರುತ್ತದೆ, ನಾಣ್ಯಗಳ ಜಾಗದಲ್ಲಿ ಐನೂರರ ನೋಟು ಬರುತ್ತದೆ, ಪಾಡ್ಯ ಮುಗಿದರೂ ಮುಂದಿನ ಭಾನುವಾರ ಮತ್ತೆ ಕೂಡೋಣವೆಂದು ಯಾರೋ ಹೇಳುತ್ತಾರೆ. ನಮ್ಮ ಮನೆಯಲ್ಲಿ 1990ರ ದಶಕದಲ್ಲಿ ಇದೆಲ್ಲ ನಡೆದಿದೆ, ಒಬ್ಬ ಚಿಕ್ಕಪ್ಪ ಅದರಿಂದ ಹೊಲದ ಒಂದು ಭಾಗವನ್ನು ಒತ್ತೆ ಇಟ್ಟದ್ದನ್ನು ನಾನು ಕಂಡಿದ್ದೇನೆ. ಆದರೂ ಆ ಜಾರುವಿಕೆಗೆ ವರ್ಷಗಳು ಹಿಡಿದಿದ್ದವು, ಮನೆಯವರೆಲ್ಲರ ಕಣ್ಣಿಗೆ ಅದು ಕಾಣುತ್ತಿತ್ತು. ನನ್ನ ಅಳಿಯನದು ಪಕ್ಕದಲ್ಲಿ ಮಲಗಿದ ತಾಯಿಗೂ ತಿಳಿಯದಂತೆ ಐದು ತಿಂಗಳಲ್ಲಿ ನಡೆದುಹೋಯಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ ಮತ್ತು ಅದರ ಹಣದ ವ್ಯವಹಾರಕ್ಕೆ ನೆರವಾಗುವವರಿಗೆ, ಆಡುವವರಿಗಲ್ಲ. ಇದು ಸರಿಯಾದ ನಿಲುವು ಎಂದು ನಾನು ತಿಳಿಯುತ್ತೇನೆ, ಏಕೆಂದರೆ ಸಿಕ್ಕಿಬಿದ್ದವನು ಶಿಕ್ಷೆಯ ಭಯದಿಂದ ಬಾಯಿ ಮುಚ್ಚಿಕೊಂಡರೆ ಅವನನ್ನು ಹೊರತರುವುದು ಕಷ್ಟ. ಹೆಸರಾದ ಆ್ಯಪ್‌ಗಳು ಕೆಲವೇ ದಿನಗಳಲ್ಲಿ ಹಣದ ಆಟ ನಿಲ್ಲಿಸಿದವು. ಆದರೆ ನಿಲ್ಲದೆ ಉಳಿದವೂ ಇವೆ. ಹೊರದೇಶದಿಂದ ನಡೆಯುವ ತಾಣಗಳು ಮೊಬೈಲ್ ಗುಂಪುಗಳಲ್ಲಿ ಲಿಂಕ್ ಹಂಚುತ್ತಿವೆ, ಹಣವನ್ನು ಯಾರದೋ ಖಾಸಗಿ ಯುಪಿಐ ಖಾತೆಗೆ ಹಾಕಿಸಿಕೊಳ್ಳುತ್ತಿವೆ. ಆದ್ದರಿಂದ ಸ್ಟೇಟ್‌ಮೆಂಟ್ ನೋಡುವವರು ಇನ್ನು ಮುಂದೆ ಕಂಪನಿಯ ಹೆಸರನ್ನು ಹುಡುಕಿದರೆ ಸಾಲದು. ಪರಿಚಯವಿಲ್ಲದ ವ್ಯಕ್ತಿಗಳ ಹೆಸರಿಗೆ, ಪ್ರತಿ ಸಲ ಬೇರೆ ಬೇರೆ ಹೆಸರಿಗೆ, ರಾತ್ರಿಯ ಹೊತ್ತಿನಲ್ಲಿ ಇನ್ನೂರು, ಐನೂರರಂಥ ಚಿಲ್ಲರೆಯಿಲ್ಲದ ಮೊತ್ತ ಹೋಗಿದೆಯೇ ಎಂದು ನೋಡಬೇಕು. ಹೀಗೆ ಹಾಕಿದ ಹಣಕ್ಕೆ ತೋರಿಸಬಹುದಾದ ವಿಳಾಸವೇ ಇಲ್ಲದಿರುವುದರಿಂದ ದೂರು ಕೊಟ್ಟರೂ ಮರಳಿ ಬರುವುದು ದುಸ್ತರ.

2024ರ ಪಾಡ್ಯದಂದು ನಮ್ಮ ಮನೆಯಲ್ಲಿ ಎಲೆ ಹಾಕಬೇಕೇ ಬೇಡವೇ ಎಂಬ ಚರ್ಚೆಯಾಯಿತು. ಹುಣಸೆ ಬೀಜ ಇಟ್ಟು ಆಡೋಣ ಎಂದು ತಂಗಿ ಹೇಳಿದಳು, ಹಾಗೆಯೇ ಆಡಿದೆವು. ಅಳಿಯ ಆಡಲಿಲ್ಲ, ಎಲ್ಲರಿಗೂ ಎಲೆ ಹಂಚುತ್ತ ಕುಳಿತಿದ್ದ. ಅಂದಿನಿಂದ ಪ್ರತಿ ತಿಂಗಳು ಒಂದನೆಯ ತಾರೀಖಿಗೆ ಅವನು ಸ್ಟೇಟ್‌ಮೆಂಟ್ ಹಿಡಿದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುತ್ತಾನೆ. ಕಳೆದ ತಿಂಗಳು ಬಂದಾಗ ನಾನು ಕೆಂಪು ಪೆನ್ನು ತೆಗೆಯುವ ಮೊದಲೇ ಒಂದು ಸಾಲಿಗೆ ಅವನೇ ಗೆರೆ ಎಳೆದಿದ್ದ: ರಾತ್ರಿ 11:50, 300 ರೂಪಾಯಿ, ನನಗೂ ಅವನಿಗೂ ಗೊತ್ತಿಲ್ಲದ ಒಬ್ಬರ ಹೆಸರು. "ಒಂದs ಸಲರಿ ಮಾಮಾ" ಎಂದ. ಅದರ ಕೆಳಗಿನ ಸಾಲುಗಳನ್ನು ಇಬ್ಬರೂ ಕೂಡಿ ತಿಂಗಳ ಕೊನೆಯವರೆಗೆ ಓದಿದೆವು. ಆ ಹೆಸರಾಗಲಿ ಅಂಥ ಇನ್ನೊಂದು ಹೆಸರಾಗಲಿ ಮತ್ತೆ ಇರಲಿಲ್ಲ. ಬರುವ ಒಂದನೆಯ ತಾರೀಖಿಗೆ ಮತ್ತೆ ಬರುತ್ತಾನೆ.