ಮೂರು ಸೀಟಿನ ಆಟೋ, ಏಳು ಜನರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಐದು ಗಂಟೆ ಹೊತ್ತಿಗೆ ಹಾಸನದಿಂದ ಸಾಲಗಾಮೆ ಕಡೆಗೋ ಶಾಂತಿಗ್ರಾಮದ ಕಡೆಗೋ ಹೊರಡುವ ಒಂದು ಆಟೋ ನೆನಪು ಮಾಡಿಕೊಳ್ಳಿ. ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ನಾಲ್ಕು ಜನ. ಅವರ ಎದುರು ಅಡ್ಡ ಹಲಗೆಯ ಮೇಲೆ ಒಬ್ಬರು. ಡ್ರೈವರ್ ಎಡಕ್ಕೊಬ್ಬ, ಬಲಕ್ಕೊಬ್ಬ. ಬಲಕ್ಕೆ ಕೂತವನ ಮೊಣಕಾಲು ಆಟೋದಿಂದ ಆಚೆಗೇ ಇರುತ್ತದೆ. ಒಟ್ಟು ಏಳು ಜನ ಪ್ರಯಾಣಿಕರು. ಆ ಆಟೋದ ಆರ್‌ಸಿಯಲ್ಲಿ ಬರೆದಿರುವುದು ಡ್ರೈವರ್ ಬಿಟ್ಟು ಮೂರೇ ಜನ.

ನಾನು ಬಹಳ ವರ್ಷ ವಾಹನ ವಿಮೆಯ ಕೆಲಸ ಮಾಡಿದವನು. ಆಟೋದವರು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಒಂದೇ. "ಸಾರ್, ಜಾಸ್ತಿ ಜನ ಹಾಕ್ಕೊಂಡು ಹೋಗುವಾಗ ಆ್ಯಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ಬರುತ್ತಾ, ಇಲ್ವಾ?" ಕೆಲವರು ಪೂರ್ತಿ ಹೋಯಿತು ಅಂದುಕೊಂಡಿರುತ್ತಾರೆ. ಕೆಲವರು, ಇನ್ಶೂರೆನ್ಸ್ ಕಟ್ಟಿದ್ದೀನಲ್ಲ, ಎಲ್ಲ ಕಂಪನಿಯೇ ನೋಡಿಕೊಳ್ಳುತ್ತದೆ ಅಂತ ಧೈರ್ಯವಾಗಿರುತ್ತಾರೆ. ಎರಡೂ ಸರಿಯಲ್ಲ. ಇವತ್ತು ಈ ಲೆಕ್ಕವನ್ನೇ ನಿಧಾನವಾಗಿ ನೋಡೋಣ.

ಮೊದಲು ನೀವು ಕಟ್ಟುವ ಪ್ರೀಮಿಯಂ ನೋಡಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ ಪ್ಯಾಸೆಂಜರ್ ಆಟೋದ ಥರ್ಡ್ ಪಾರ್ಟಿ ವಿಮೆಗೆ ಮೂಲ ದರ 2,371 ರೂಪಾಯಿ. ಅದರ ಜೊತೆಗೆ ಪ್ರತಿ ಪ್ರಯಾಣಿಕರಿಗೆ ತಲಾ 1,134 ರೂಪಾಯಿ. ಮೂರು ಜನಕ್ಕೆ 3,402. ಎರಡೂ ಸೇರಿ 5,773 ರೂಪಾಯಿ, ಮೇಲೆ ಜಿಎಸ್‌ಟಿ. ಅಂದರೆ ಪ್ರಯಾಣಿಕರ ವಿಮೆಯನ್ನು ತಲೆ ಎಣಿಸಿ ಕೊಡುತ್ತಾರೆ. ನೀವು ಮೂರು ತಲೆಗೆ ದುಡ್ಡು ಕಟ್ಟಿದ್ದೀರಿ. ನಾಲ್ಕನೆಯವರಿಗೆ ಕಟ್ಟಿಲ್ಲ, ಕಟ್ಟುತ್ತೇನೆ ಅಂದರೂ ಕಂಪನಿ ತೆಗೆದುಕೊಳ್ಳುವ ಹಾಗಿಲ್ಲ.

ಹಾಗಾದರೆ ಏಳು ಜನ ಇದ್ದಾಗ ಆಟೋ ಮಗುಚಿದರೆ ಆ ಮೂರು ಜನ ಯಾರು? ಮೊದಲು ಹತ್ತಿದವರಾ, ಸೀಟಿನ ಮೇಲೆ ಕೂತವರಾ? ಇಂಥದ್ದೇ ಪ್ರಶ್ನೆ 2007ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. 42 ಜನಕ್ಕೆ ಅನುಮತಿ ಇದ್ದ ಬಸ್ಸಿನಲ್ಲಿ 90 ಜನ ಇದ್ದರು. ಕೋರ್ಟ್ ಹೀಗೆ ಹೇಳಿತು: ಕಂಪನಿಯ ಹೊಣೆ 42 ಜನಕ್ಕೆ ಮಾತ್ರ. ಆದರೆ ಎಲ್ಲಕ್ಕಿಂತ ದೊಡ್ಡ 42 ಪರಿಹಾರಗಳನ್ನು ಆರಿಸಿ, ಅಷ್ಟು ಮೊತ್ತವನ್ನು ಕಂಪನಿ ಕೋರ್ಟಿಗೆ ಕಟ್ಟಬೇಕು. ಅದನ್ನು ಎಲ್ಲರಿಗೂ ಅವರವರ ಪಾಲಿನ ಪ್ರಕಾರ ಹಂಚಬೇಕು. ಉಳಿದದ್ದನ್ನು ಮಾಲೀಕರಿಂದ ವಸೂಲಿ ಮಾಡಬೇಕು.

ಇದನ್ನು ನಮ್ಮ ಆಟೋಗೆ ಇಳಿಸೋಣ. ಏಳು ಜನಕ್ಕೂ ಪೆಟ್ಟಾಗಿದೆ ಅಂತಿಟ್ಟುಕೊಳ್ಳಿ. ಕೋರ್ಟ್ ಒಬ್ಬರಿಗೆ 8 ಲಕ್ಷ, ಒಬ್ಬರಿಗೆ 4, ಒಬ್ಬರಿಗೆ 3, ಮತ್ತೊಬ್ಬರಿಗೆ 2, ಇನ್ನೊಬ್ಬರಿಗೆ ಒಂದೂವರೆ, ಆಮೇಲೆ 1, ಕೊನೆಯವರಿಗೆ ಅರ್ಧ ಲಕ್ಷ ಪರಿಹಾರ ಕೊಟ್ಟಿತು. ಒಟ್ಟು 20 ಲಕ್ಷ. ಇದರಲ್ಲಿ ದೊಡ್ಡವು ಮೂರು ಅಂದರೆ 8, 4, 3, ಸೇರಿ 15 ಲಕ್ಷ. ಕಂಪನಿ ಕಟ್ಟುವುದು ಇಷ್ಟು. 20ಕ್ಕೆ 15 ಅಂದರೆ ಮುಕ್ಕಾಲು ಪಾಲು. ಹಾಗಾಗಿ ಪ್ರತಿಯೊಬ್ಬರಿಗೂ ಅವರ ಪರಿಹಾರದ ಮುಕ್ಕಾಲು ಪಾಲು ಸಿಗುತ್ತದೆ. ಅಪಘಾತದಲ್ಲಿ ಒಂದು ಕಾಲನ್ನೇ ಕಳೆದುಕೊಂಡು 8 ಲಕ್ಷ ಪರಿಹಾರ ಪಡೆದವರ ಕೈಗೆ ಬರುವುದು 6 ಲಕ್ಷ. ಉಳಿದ 2 ಲಕ್ಷಕ್ಕೆ ಅವರು ಆಟೋ ಮಾಲೀಕರ ಹಿಂದೆ ಅಲೆಯಬೇಕು. ಮಾಲೀಕರ ತಲೆ ಮೇಲೆ ಒಟ್ಟು 5 ಲಕ್ಷ ಸಾಲ, ಜೊತೆಗೆ ಬಡ್ಡಿ. ಕೊಡದಿದ್ದರೆ ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಪತ್ರ ಹೋಗಿ, ಅದು ಭೂಕಂದಾಯದ ಬಾಕಿಯ ಹಾಗೆ ವಸೂಲಿಯಾಗಬಹುದು. ಊರಲ್ಲಿ ಒಂದೆಕರೆ ಜಮೀನಿದ್ದರೆ ಅದಕ್ಕೂ ಕುತ್ತು ಬರುತ್ತದೆ.

ಇದರ ಪಕ್ಕದಲ್ಲಿ ದಂಡ ಇಟ್ಟು ನೋಡಿ. ಹೆಚ್ಚುವರಿ ಪ್ರಯಾಣಿಕರಿಗೆ ಕಾನೂನಿನಲ್ಲಿರುವ ದಂಡ ತಲೆಗೆ 200 ರೂಪಾಯಿ. ನಾಲ್ಕು ಜನ ಹೆಚ್ಚಿದ್ದರೆ 800. ಆಟೋದವರು ಹೆದರುವುದು ಈ 800ಕ್ಕೆ. ಆ 5 ಲಕ್ಷದ ಲೆಕ್ಕವನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ನನಗೆ ಬೇಸರವಾಗುವುದು ಅದಕ್ಕೇ.

ಆಟೋ ಬಡಿದು ಬೈಕಿನವರಿಗೋ ದಾರಿಹೋಕರಿಗೋ ಪೆಟ್ಟಾದರೆ ಈ ತಲೆ ಲೆಕ್ಕ ಬರುವುದಿಲ್ಲ. ಅವರ ಪರಿಹಾರ ಪೂರ್ತಿ ಕಂಪನಿಯದ್ದೇ.

ಇನ್ನು ಗಾಡಿ ರಿಪೇರಿ. ಇದರಲ್ಲಿ ಹಾಸನಕ್ಕೆ ನಂಟಿರುವ ಒಂದು ಕೇಸೇ ಇದೆ. ಆರು ಜನ ಕೆಲಸಗಾರರನ್ನು ಕೂರಿಸಬಹುದಾದ ಒಂದು ಲಾರಿಯಲ್ಲಿ ಒಂಬತ್ತು ಜನ ಇದ್ದರು. ಎದುರಿನ ವಾಹನಕ್ಕೆ ಡಿಕ್ಕಿಯಾಯಿತು. ವಿಮಾ ಕಂಪನಿಯ ಹಾಸನ ವಿಭಾಗ ಕಚೇರಿ ಎದುರು ಪಕ್ಷವಾಗಿದ್ದ ಈ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1996ರಲ್ಲಿ ಕೋರ್ಟ್, ಹೆಚ್ಚು ಜನ ಕೂತದ್ದರಿಂದಲೇ ಅಪಘಾತ ಆಗಿಲ್ಲವಲ್ಲ ಅಂತ ಹೇಳಿ ಲಾರಿಯ ಹಾನಿಯನ್ನು ಕೊಡಿಸಿತು. ಈಗಲೂ ನಮ್ಮ ಕಡೆ ವಕೀಲರು ಇದನ್ನು ಎತ್ತಿ ಹೇಳುತ್ತಾರೆ. ಆದರೆ ಒಂದು ಮಾತು ಗಮನಿಸಿ. ಡ್ರೈವರ್ ಪಕ್ಕ ಇಬ್ಬರು ಕೂತು, ಹ್ಯಾಂಡಲ್ ತಿರುಗಿಸಲು ಜಾಗವಿಲ್ಲದೆ ಆಟೋ ಚರಂಡಿಗೆ ಇಳಿದರೆ, ಜಾಸ್ತಿ ಜನ ಕೂತದ್ದೇ ಕಾರಣ ಅಂತ ಕಂಪನಿ ವಾದಿಸುತ್ತದೆ. ಆಗ ಈ ತೀರ್ಪು ನಿಮ್ಮ ಕೈ ಹಿಡಿಯುವುದು ಕಷ್ಟ.

ಇಲ್ಲಿವರೆಗೆ ಹೇಳಿದ್ದೆಲ್ಲ ಪರ್ಮಿಟ್ ಸರಿಯಾಗಿದ್ದ ಗಾಡಿಯ ಮಾತು. ಪರ್ಮಿಟ್ ಇಲ್ಲದಿದ್ದರೆ ಸಂಗತಿಯೇ ಬೇರೆ. 2018ರಲ್ಲಿ ಸುಪ್ರೀಂ ಕೋರ್ಟ್, ಪರ್ಮಿಟ್ ಇಲ್ಲದೆ ಓಡಿಸುವುದು ಮೂಲದಲ್ಲೇ ತಪ್ಪು ಅಂದಿತು. ಕಂಪನಿ ಮೊದಲು ಗಾಯಾಳುಗಳಿಗೆ ಹಣ ಕೊಟ್ಟು, ಆಮೇಲೆ ಅಷ್ಟನ್ನೂ ಮಾಲೀಕರಿಂದ ವಸೂಲಿ ಮಾಡಬಹುದು. ನಮ್ಮ ಲೆಕ್ಕದಲ್ಲಿ 5 ಲಕ್ಷ ಅಲ್ಲ, ಪೂರ್ತಿ 20 ಲಕ್ಷ. ಪರ್ಮಿಟ್ ಐದು ವರ್ಷಕ್ಕೊಮ್ಮೆ ಮುಗಿಯುತ್ತದೆ, ಪಾಲಿಸಿ ವರ್ಷಕ್ಕೊಮ್ಮೆ. ಪಾಲಿಸಿ ರಿನ್ಯೂ ಮಾಡುವಾಗ ಪರ್ಮಿಟ್ ತೋರಿಸಿ ಅಂತ ಕೇಳುವವರು ಕಡಿಮೆ. ಹಾಗಾಗಿ ಅದರ ತಾರೀಖು ಮರೆತೇ ಹೋಗಿರುತ್ತದೆ.

ಶಾಲೆ ಮಕ್ಕಳ ವ್ಯಾನ್‌ಗಳಲ್ಲಿ ನಾನು ಹೆಚ್ಚು ಕಂಡದ್ದು ಇದೇ ತೊಂದರೆ, ಇನ್ನೊಂದು ರೂಪದಲ್ಲಿ. ವೈಟ್ ಬೋರ್ಡ್ ವ್ಯಾನ್. ಸ್ವಂತಕ್ಕೆ ಅಂತ ತೆಗೆದುಕೊಂಡದ್ದು, ಬೆಳಿಗ್ಗೆ ಸಂಜೆ ಮಕ್ಕಳನ್ನು ಬಿಡುವುದು. ವಿಮೆ ಪ್ರೈವೇಟ್ ಕಾರಿನದ್ದು, ತಾರೀಖೂ ಚಾಲ್ತಿಯಲ್ಲಿರುತ್ತದೆ. ಆದರೆ ಆ ಪಾಲಿಸಿಯೊಳಗೆ, ಬಾಡಿಗೆಗೆ ಬಳಸುವಂತಿಲ್ಲ ಅನ್ನುವ ಸಾಲು ಇದೆ. ಅಪಘಾತವಾದರೆ ಕಂಪನಿಯ ತನಿಖೆಯವರು ಮಕ್ಕಳ ಮನೆಗೆ ಬಂದು ಕೇಳುವುದು ಒಂದೇ ಮಾತು. "ಅಮ್ಮಾ, ವ್ಯಾನಿಗೆ ತಿಂಗಳಿಗೆ ಎಷ್ಟು ಕೊಡ್ತಿದ್ರಿ?" ತಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಅಲ್ಲಿಗೆ ಬಾಡಿಗೆ ಅನ್ನುವುದು ಸಾಬೀತಾಯಿತು. ವ್ಯಾನ್ ರಿಪೇರಿಯ ಹಣವೂ ಕೈ ತಪ್ಪುತ್ತದೆ, ಮಕ್ಕಳ ಪರಿಹಾರವೂ ಮಾಲೀಕರ ಮೇಲೆ ತಿರುಗಿ ಬೀಳುತ್ತದೆ.

ಅಪ್ಪ ಅಮ್ಮಂದಿರೇ, ವ್ಯಾನಿನ ನಂಬರ್ ಪ್ಲೇಟ್ ಬಿಳಿಯೋ ಹಳದಿಯೋ ಅಂತ ಮೊದಲು ನೋಡಿ. mParivahan ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ವಾಹನದ ವರ್ಗ, ಎಫ್‌ಸಿ, ವಿಮೆಯ ತಾರೀಖು ಕಾಣುತ್ತವೆ. ಪರ್ಮಿಟ್ ಕಾಗದವನ್ನು ಮಾತ್ರ ವ್ಯಾನಿನ ಅಣ್ಣನ ಹತ್ತಿರ ಕೇಳಿಯೇ ನೋಡಿ. ಕೇಳಲು ಸಂಕೋಚ ಬೇಡ. ಆಟೋ, ವ್ಯಾನ್ ಓಡಿಸುವ ಅಣ್ಣ ತಮ್ಮಂದಿರು ಇವತ್ತು ರಾತ್ರಿ ಆರ್‌ಸಿ, ಪರ್ಮಿಟ್, ಪಾಲಿಸಿ ಮೂರನ್ನೂ ಅಕ್ಕಪಕ್ಕ ಇಡಿ. ಸೀಟಿನ ಸಂಖ್ಯೆ ಮೂರರಲ್ಲೂ ಒಂದೇ ಇದೆಯಾ, ಪರ್ಮಿಟ್ ಯಾವತ್ತಿಗೆ ಮುಗಿಯುತ್ತದೆ, ನೀವು ಓಡುವ ದಾರಿ ಅದರಲ್ಲಿ ಬರೆದ ವ್ಯಾಪ್ತಿಯೊಳಗೆ ಇದೆಯಾ, ಬೆರಳಿಟ್ಟು ನೋಡಿ. ಪರ್ಮಿಟ್ ಮುಗಿದಿದ್ದರೆ ನಾಳೆ ಗಾಡಿ ಮನೆಯಲ್ಲೇ ನಿಲ್ಲಲಿ, ನೀವು ಮಾತ್ರ ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ.

ನಮಸ್ಕಾರ.